ಗ್ರಾಮಸಭೆಯಲ್ಲಿ ಸೌರ ಬೀದಿದೀಪ ಕೇಳುವಾಗ ಏನು ಹೇಳಬೇಕು?

ಸೌರ ಬೀದಿದೀಪ ಬೇಕು ಎಂದು ಗ್ರಾಮಸಭೆಯಲ್ಲಿ ಎದ್ದು ನಿಂತವರು ಸಾಮಾನ್ಯವಾಗಿ ಎರಡು ಮಾತು ಹೇಳುತ್ತಾರೆ: ಬಿಸಿಲು ಪುಕ್ಕಟೆ, ಕರೆಂಟ್ ಬಿಲ್ ಉಳಿಯುತ್ತದೆ. ಎರಡನೆಯ ಮಾತಿಗೆ ಲೆಕ್ಕ ಕೇಳಿದರೆ ಕಷ್ಟ. 12 ವ್ಯಾಟಿನ ಎಲ್‌ಇಡಿ ದೀಪ ರಾತ್ರಿ 12 ಗಂಟೆ ಉರಿದರೆ ವರ್ಷಕ್ಕೆ ಸುಮಾರು 53 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಎಂದು ಹಿಡಿದರೂ ವರ್ಷಕ್ಕೆ ಉಳಿಯುವುದು 370 ರೂಪಾಯಿ ಮಾತ್ರ. ಇಪ್ಪತ್ತು ಸಾವಿರದ ದೀಪಕ್ಕೆ ಈ ಉಳಿತಾಯದಿಂದ ಬಂಡವಾಳ ವಾಪಸ್ ಬರುವುದಿಲ್ಲ. ಸಭೆಯಲ್ಲಿ ಲೆಕ್ಕ ಬಲ್ಲ ಒಬ್ಬ ಸದಸ್ಯರಿದ್ದರೂ ಸಾಕು, ಪ್ರಸ್ತಾವ ಅಲ್ಲೇ ಬಿದ್ದುಹೋಗುತ್ತದೆ.

ಸೌರದೀಪದ ನಿಜವಾದ ಲಾಭ ಬೇರೆ ಕಡೆ ಇದೆ. ಲೈನ್ ಎಳೆಯದ ಜಾಗದಲ್ಲಿ ಕಂಬ, ತಂತಿ, ಮಂಜೂರಾತಿಗಳ ಗೊಡವೆ ಇಲ್ಲದೆ ದೀಪ ಹಚ್ಚಬಹುದು. ಮಳೆಗಾಲದಲ್ಲಿ ಊರಿನ ಕರೆಂಟ್ ಹೋದ ರಾತ್ರಿಯೂ ಅದು ಉರಿಯುತ್ತದೆ. ಆದ್ದರಿಂದ ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದು ಮೊದಲ ಪ್ರಶ್ನೆ. ಐದಾರು ವರ್ಷದ ನಂತರ ಬ್ಯಾಟರಿಗೆ ದುಡ್ಡು ಯಾರು ಕೊಡುತ್ತಾರೆ ಎಂಬುದು ಎರಡನೆಯದು. ಕೆಟ್ಟ ದಿನ ಯಾರ ಮನೆ ಬಾಗಿಲು ತಟ್ಟಬೇಕು ಎಂಬುದು ಮೂರನೆಯದು. ಈ ಮೂರಕ್ಕೂ ಉತ್ತರ ಇಟ್ಟುಕೊಂಡು ಮಾತಾಡುವವರ ಪ್ರಸ್ತಾವ ನಿಲ್ಲುತ್ತದೆ.

ಮಾತಾಡುವ ಜಾಗವೂ ಮುಖ್ಯ. ಪಂಚಾಯಿತಿಯ ಸಾಮಾನ್ಯ ಸಭೆಯಲ್ಲಿ ನಿರ್ಣಯ ಮಾಡುವವರು ಸದಸ್ಯರು. ಊರಿನವರು ತಮ್ಮ ಬೇಡಿಕೆ ಇಡಬೇಕಾದದ್ದು ವಾರ್ಡ್‌ಸಭೆ ಮತ್ತು ಗ್ರಾಮಸಭೆಯಲ್ಲಿ. ಅಲ್ಲಿ ನಡವಳಿಗೆ ಸೇರಿದ ಬೇಡಿಕೆ ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯ ಪಟ್ಟಿಗೆ ಬರಬೇಕು, ಆಮೇಲೆ ಸಾಮಾನ್ಯ ಸಭೆಯಲ್ಲಿ ಕ್ರಿಯಾಯೋಜನೆಗೆ ಒಪ್ಪಿಗೆ ಸಿಗಬೇಕು. ಕ್ರಿಯಾಯೋಜನೆ ಮುಗಿದ ಮೇಲೆ ಕೇಳಿದರೆ ಒಂದು ವರ್ಷ ಕಾಯಬೇಕಾಗುತ್ತದೆ. ಹಾಗಾಗಿ ಮುಂದಿನ ವರ್ಷದ ಯೋಜನೆ ತಯಾರಾಗುವ ವಾರ್ಡ್‌ಸಭೆಯಲ್ಲೇ ಮೊದಲ ಮಾತು ಆಡಿಬಿಡುವುದು ಒಳ್ಳೆಯದು.

ಸಭೆಗೆ ಮುಂಚೆ ಎಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಅಮಾವಾಸ್ಯೆಯ ಹತ್ತಿರದ ಒಂದು ರಾತ್ರಿ ವಾರ್ಡಿನ ಸದಸ್ಯರು, ನೀರುಗಂಟಿ ಮತ್ತು ಇಬ್ಬರು ಮಹಿಳೆಯರನ್ನು ಕರೆದುಕೊಂಡು ಊರು ಸುತ್ತಿ ಕತ್ತಲೆ ಜಾಗಗಳ ಪಟ್ಟಿ ಮಾಡಿ. ಮಹಿಳೆಯರು ಬೇಕೇ ಬೇಕು, ಏಕೆಂದರೆ ಯಾವ ದಾರಿಯಲ್ಲಿ ಕತ್ತಲಾದ ಮೇಲೆ ಹೋಗುವುದನ್ನೇ ಬಿಟ್ಟಿದ್ದೇವೆ ಎಂದು ಹೇಳಬಲ್ಲವರು ಅವರು. ಪ್ರತಿ ಜಾಗದ ಮುಂದೆಯೂ ಅಲ್ಲಿ ವಿದ್ಯುತ್ ಕಂಬ ಇದೆಯೇ, ಬೀದಿದೀಪದ ತಂತಿ ಅಲ್ಲಿವರೆಗೆ ಬಂದಿದೆಯೇ ಎಂದು ಬರೆದುಕೊಳ್ಳಿ. ಮುಂದಿನ ಭಾಷಣ ನಿಂತಿರುವುದು ಈ ಪಟ್ಟಿಯ ಮೇಲೆ.

ಉದಾಹರಣೆಗೆ ಗದಗ ಸೀಮೆಯ, ಎರೆ ಭೂಮಿಯ, 300 ಮನೆಗಳ ಒಂದು ಊರನ್ನು ಇಟ್ಟುಕೊಳ್ಳೋಣ. ಸುತ್ತಾಡಿದಾಗ 20 ಕತ್ತಲೆ ಜಾಗ ಸಿಕ್ಕವು. 8 ಕಡೆ ಕಂಬವೂ ಇದೆ, ತಂತಿಯೂ ಇದೆ, ಬಲ್ಬ್ ಸುಟ್ಟಿದೆ ಅಷ್ಟೆ. ಉಳಿದ 12 ಕಡೆ ಲೈನೇ ಇಲ್ಲ. ಇಲ್ಲಿ ಕೊಟ್ಟ ದರಗಳು ಲೆಕ್ಕ ತೋರಿಸಲು ಹಿಡಿದವು. ನಿಮ್ಮ ಊರಿಗೆ ಮೂರು ಕಡೆಯಿಂದ ದರಪಟ್ಟಿ ತರಿಸಿ ಆ ಅಂಕಿಗಳನ್ನು ಹಾಕಿಕೊಳ್ಳಿ. ಭಾಷಣ ಹೀಗೆ ಶುರುವಾಗಬಹುದು:

“ಅಧ್ಯಕ್ಷರೇ, ಸದಸ್ಯರೇ, ಅಭಿವೃದ್ಧಿ ಅಧಿಕಾರಿಗಳೇ, ಊರಿನ ಹಿರಿಯರೇ, ಅಕ್ಕ-ತಂಗಿಯರೇ, ಎಲ್ಲರಿಗೂ ನಮಸ್ಕಾರ. ನಮ್ಮ ವಾರ್ಡಿನ ಸದಸ್ಯರ ಜತೆ ಹೋಗಿ ನೋಡಿ ಬಂದ 20 ಕತ್ತಲೆ ಜಾಗಗಳ ಪಟ್ಟಿ ನನ್ನ ಕೈಯಲ್ಲಿದೆ. ಇಪ್ಪತ್ತಕ್ಕೂ ಸೌರದೀಪ ಕೊಡಿ ಎಂದು ನಾನು ಕೇಳುವುದಿಲ್ಲ. ಅದರಲ್ಲಿ 8 ಕಡೆ ಕಂಬವಿದೆ, ತಂತಿಯಿದೆ. ಅಲ್ಲಿ ಹೊಸ ಎಲ್‌ಇಡಿ ದೀಪ ಹಾಕಿದರೆ ಸಾಕು. ಒಂದಕ್ಕೆ 1,500 ರೂಪಾಯಿ ಎಂದರೂ 12,000 ರೂಪಾಯಿಯಲ್ಲಿ ಮುಗಿಯುತ್ತದೆ. ಆ ದೀಪಗಳು ಹಗಲೂ ಉರಿಯದಂತೆ ಒಂದು ಸ್ವಿಚ್ ಕೂಡ ಬೇಕು.

“ಉಳಿದ 12 ಜಾಗಗಳ ಹೆಸರು ಹೇಳುತ್ತೇನೆ. ಊರಿಂದ ಹೊಸ ಪ್ಲಾಟಿಗೆ ಹೋಗುವ ದಾರಿಗೆ 5, ಕೆರೆ ಏರಿಯ ಮೇಲೆ 3, ಬಸ್ ನಿಲ್ದಾಣಕ್ಕೆ 2, ಹಾಲಿನ ಡೇರಿ ಮುಂದೆ 1, ಸ್ಮಶಾನದ ತಿರುವಿನಲ್ಲಿ 1. ಇಲ್ಲೆಲ್ಲ ಲೈನ್ ಇಲ್ಲ. ಹೊಸ ಪ್ಲಾಟಿನ ದಾರಿಗೇ ಲೈನ್ ಎಳೆಯಬೇಕಾದರೆ ಎಷ್ಟು ಕಂಬ, ಎಷ್ಟು ಖರ್ಚು ಎಂದು ಹೆಸ್ಕಾಂ ಸೆಕ್ಷನ್ ಕಚೇರಿಯಿಂದ ಅಂದಾಜು ಪಟ್ಟಿ ತರಿಸಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ. ಅದನ್ನೂ ನಮ್ಮ ಲೆಕ್ಕವನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿ ತೀರ್ಮಾನಿಸಿ.”

ಬೇಡವಾದ ಎಂಟನ್ನು ಮೊದಲೇ ಬಿಟ್ಟುಕೊಡುವುದರಲ್ಲಿ ಒಂದು ಜಾಣತನವಿದೆ. ಕೇಳುವವರು ದುಡ್ಡಿನ ಬಗ್ಗೆ ಯೋಚಿಸಿದ್ದಾರೆ ಎಂದು ಸಭೆಗೆ ನಂಬಿಕೆ ಬರುತ್ತದೆ. ಜಾಗಗಳ ಹೆಸರು ನಡವಳಿಯಲ್ಲಿ ದಾಖಲಾದರೆ ಆಮೇಲೆ ದೀಪ ಯಾರದೋ ಮನೆ ಮುಂದಕ್ಕೆ ಹೋಗುವುದೂ ತಪ್ಪುತ್ತದೆ. ಸೌರದೀಪದ ಕಂಬ ಎಲ್ಲಿ ಬೇಕಾದರೂ ನಿಲ್ಲುವುದರಿಂದ ಈ ಎಳೆದಾಟ ಬೀದಿದೀಪಗಳಲ್ಲಿ ಬಹಳ.

ಈಗ ದುಡ್ಡಿನ ಮಾತು. ಕೊಳ್ಳುವ ಬೆಲೆ ಒಂದನ್ನೇ ಹೇಳಿ ಕೂತುಬಿಟ್ಟರೆ ದೀಪಕ್ಕೆ ಆರನೇ ವರ್ಷದಲ್ಲೇ ಆಯುಷ್ಯ ಮುಗಿಯುತ್ತದೆ. ಪ್ಯಾನೆಲ್ ಇಪ್ಪತ್ತು ವರ್ಷಕ್ಕೂ ಹೆಚ್ಚು ಬಾಳುತ್ತದೆ, ಕಂಬವೂ ಬಾಳುತ್ತದೆ, ಬ್ಯಾಟರಿ ಮಾತ್ರ ಅಷ್ಟು ದಿನ ಇರುವುದಿಲ್ಲ. ಲಿಥಿಯಂ ಫೆರೋ ಫಾಸ್ಫೇಟ್ ಬ್ಯಾಟರಿಗೆ ಐದಾರು ವರ್ಷ ಎಂದು ಹಿಡಿದು ಯೋಜನೆ ಮಾಡಿಕೊಳ್ಳುವುದು ಕ್ಷೇಮ. ಹಳೆಯ ಮಾದರಿಯ ಸೀಸ-ಆಮ್ಲ ಬ್ಯಾಟರಿ ಅದಕ್ಕಿಂತ ಬೇಗ ಹೋಗುತ್ತದೆ. ಕಂಬದ ಬುಡದ ಪೆಟ್ಟಿಗೆಯಲ್ಲಿ ಇಡುವುದರಿಂದ ಕಳ್ಳರ ಕೈಗೂ ಸುಲಭ. ಭಾಷಣದಲ್ಲಿ ಮುಂದಿನ ವರ್ಷಗಳ ಖರ್ಚನ್ನೂ ಹೇಳಿ:

“ಒಂದು ದೀಪಕ್ಕೆ ಕಂಬ, ಅಡಿಪಾಯ, ಪ್ಯಾನೆಲ್, ಬ್ಯಾಟರಿ, ಅಳವಡಿಕೆ ಎಲ್ಲ ಸೇರಿ 20,000 ರೂಪಾಯಿ ಎಂದು ಹಿಡಿದಿದ್ದೇವೆ. ಹನ್ನೆರಡಕ್ಕೆ 2 ಲಕ್ಷ 40 ಸಾವಿರ. ಆದರೆ ಖರ್ಚು ಅಲ್ಲಿಗೆ ಮುಗಿಯುವುದಿಲ್ಲ, ಅದನ್ನು ಇವತ್ತೇ ಹೇಳಿಬಿಡುತ್ತೇನೆ. ಆರನೇ ವರ್ಷ ಬ್ಯಾಟರಿ ಬದಲಿಸಬೇಕು. ಒಂದಕ್ಕೆ 6,000 ಎಂದರೆ ಹನ್ನೆರಡಕ್ಕೆ 72,000. ಆ ದುಡ್ಡನ್ನು ಆಗ ಹುಡುಕುವುದು ಬೇಡ. ಮೊದಲ ವರ್ಷದಿಂದಲೇ ವರ್ಷಕ್ಕೆ 14,400 ತೆಗೆದಿಟ್ಟರೆ ಐದು ವರ್ಷಕ್ಕೆ ಸರಿಯಾಗಿ 72,000 ಆಗುತ್ತದೆ. ಒರೆಸುವುದು, ಸಣ್ಣಪುಟ್ಟ ರಿಪೇರಿಗೆ ದೀಪಕ್ಕೆ ತಿಂಗಳಿಗೆ 50 ರೂಪಾಯಿಯಂತೆ ವರ್ಷಕ್ಕೆ 7,200. ಎರಡೂ ಸೇರಿ ವರ್ಷಕ್ಕೆ 21,600. ನಮ್ಮ 300 ಮನೆಗಳಿಗೆ ಹಂಚಿದರೆ ಮನೆಗೆ ತಿಂಗಳಿಗೆ 6 ರೂಪಾಯಿ. ಇದನ್ನು ಮನೆ ಮನೆಗೆ ಹೋಗಿ ಎತ್ತಬೇಕಾಗಿಲ್ಲ. ಮನೆ ಕಂದಾಯ ಸರಿಯಾಗಿ ವಸೂಲಾದರೆ ಪಂಚಾಯಿತಿಯ ಸ್ವಂತ ಸಂಪನ್ಮೂಲದಿಂದಲೇ ತೆಗೆದಿಡಬಹುದು.”

ಬೆಲೆ ಏರಿದರೆ ಈ ಅಂಕಿ ಬದಲಾಗುತ್ತದೆ, ಲೆಕ್ಕದ ರೀತಿ ಬದಲಾಗುವುದಿಲ್ಲ. ಮೊದಲ ಬಂಡವಾಳಕ್ಕೆ ಹಣಕಾಸು ಆಯೋಗದ ಅನುದಾನದಲ್ಲಿ ಯಾವುದೇ ಕೆಲಸಕ್ಕೆ ಕಟ್ಟುಪಾಡಾಗದ ಮುಕ್ತ ಭಾಗ, ಶಾಸಕರ ಅಥವಾ ಸಂಸದರ ಪ್ರದೇಶಾಭಿವೃದ್ಧಿ ನಿಧಿ, ಹತ್ತಿರದ ಕಂಪನಿಯ ಸಾಮಾಜಿಕ ಹೊಣೆಗಾರಿಕೆ ನಿಧಿ ಹೀಗೆ ದಾರಿಗಳಿವೆ. ಹದಿನೈದನೇ ಹಣಕಾಸು ಆಯೋಗ ತನ್ನ ಅನುದಾನದ ದೊಡ್ಡ ಭಾಗವನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಿಟ್ಟಿತ್ತು. ಆ ದುಡ್ಡನ್ನು ದೀಪಕ್ಕೆ ಕೇಳಿದರೆ ಪಿಡಿಒ ಕೊಡಲಾರರು, ಕೊಡಲೂಬಾರದು. ಯಾವ ಬಾಬ್ತಿನಲ್ಲಿ ಎಷ್ಟು ಉಳಿದಿದೆ ಎಂದು ಸಭೆಗೆ ಒಂದು ವಾರ ಮುಂಚೆ ಅವರ ಹತ್ತಿರವೇ ಕೂತು ಕೇಳಿಕೊಂಡು ಬನ್ನಿ. ಇದಕ್ಕಿಂತ ಮುಖ್ಯವಾದ ಒಂದು ಮಾತಿದೆ. ದೀಪ ದಾನವಾಗಿ ಬಂದರೂ ಬ್ಯಾಟರಿ ದುಡ್ಡು ಪಂಚಾಯಿತಿಯದೇ. ಕೊಟ್ಟವರು ಉದ್ಘಾಟನೆ ಮಾಡಿ ಹೋಗುತ್ತಾರೆ, ಆರನೇ ವರ್ಷ ಬರುವುದಿಲ್ಲ. ಹಾಗಾಗಿ ವರ್ಷಕ್ಕೆ ತೆಗೆದಿಡುವ ಹಣದ ಮಾತನ್ನು ಯಾವ ಕಾರಣಕ್ಕೂ ಭಾಷಣದಿಂದ ಕೈಬಿಡಬೇಡಿ.

ಎಂಥ ದೀಪ ಎಂಬುದನ್ನು ಸಭೆಯಲ್ಲಿ ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಯಾರಾದರೂ “ಪೇಟೆಯಲ್ಲಿ ಅರ್ಧ ರೇಟಿಗೆ ಸಿಗುತ್ತದೆ” ಎಂದು ಹೇಳಿಯೇ ಹೇಳುತ್ತಾರೆ. ಅದಕ್ಕೆ ಉತ್ತರ ಬೇಕು, ಉತ್ತರ ಇರುವುದು ಆಷಾಢದ ಮೋಡದಲ್ಲಿ. 12 ವ್ಯಾಟಿನ ದೀಪ ಮೊದಲ 5 ಗಂಟೆ ಪೂರ್ತಿ ಬೆಳಕಿನಲ್ಲಿ, ಆಮೇಲೆ 7 ಗಂಟೆ ಅರ್ಧ ಬೆಳಕಿನಲ್ಲಿ ಉರಿಯುವಂತೆ ಮಾಡಿದರೆ ರಾತ್ರಿಗೆ 102 ವ್ಯಾಟ್-ಗಂಟೆ ಬೇಕು. ದಟ್ಟ ಮೋಡದ ದಿನ ಎರಡು ಗಂಟೆಯ ಪೂರ್ಣ ಬಿಸಿಲಿಗೆ ಸಮನಾದಷ್ಟೇ ಸಿಕ್ಕಿತು ಎನ್ನೋಣ. ಧೂಳು, ತಂತಿ, ಬ್ಯಾಟರಿಗಳಲ್ಲಿ ನೂರಕ್ಕೆ 30 ಸೋರಿಹೋಗುತ್ತದೆ. ಆಗಲೂ 75 ವ್ಯಾಟಿನ ಪ್ಯಾನೆಲ್ 105 ವ್ಯಾಟ್-ಗಂಟೆ ಕೊಡುತ್ತದೆ, ರಾತ್ರಿ ದಾಟುತ್ತದೆ. 40 ವ್ಯಾಟಿನ ಪ್ಯಾನೆಲ್ ಕೊಡುವುದು 56 ಮಾತ್ರ. ಬೇಸಿಗೆಯಲ್ಲಿ ಎರಡೂ ಒಂದೇ ಥರ ಉರಿಯುತ್ತವೆ. ಅಗ್ಗದ್ದು ಅಗ್ಗ ಏಕೆ ಎಂದು ಗೊತ್ತಾಗುವುದು ಮಳೆ ಹಿಡಿದಾಗ. ಬ್ಯಾಟರಿಯನ್ನೂ ಇದೇ ರೀತಿ ನೋಡಿ. 12.8 ವೋಲ್ಟ್, 30 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 384 ವ್ಯಾಟ್-ಗಂಟೆ ಇರುತ್ತದೆ. ಅದರಲ್ಲಿ ನೂರಕ್ಕೆ 80 ಬಳಸಿದರೆ ಬಿಸಿಲೇ ಕಾಣದೆ ಮೂರು ರಾತ್ರಿ ನಡೆಯುತ್ತದೆ. ದರಪಟ್ಟಿಯಲ್ಲಿ “200 ವ್ಯಾಟ್ ದೀಪ” ಎಂಬ ದೊಡ್ಡ ಅಕ್ಷರ ನೋಡಿ ಮರುಳಾಗಬೇಡಿ. ಪ್ಯಾನೆಲ್ ಎಷ್ಟು ವ್ಯಾಟ್, ಬ್ಯಾಟರಿ ಎಷ್ಟು ವೋಲ್ಟ್, ಎಷ್ಟು ಆಂಪಿಯರ್-ಗಂಟೆ ಎಂದು ಬರೆದುಕೊಡದ ದರಪಟ್ಟಿಯನ್ನು ಪಕ್ಕಕ್ಕಿಡಿ.

ಪ್ಯಾನೆಲ್, ಬ್ಯಾಟರಿ, ದೀಪ ಒಂದೇ ಪೆಟ್ಟಿಗೆಯಲ್ಲಿರುವ ಮಾದರಿ ನೋಡಲು ಚೆಂದ, ಹಾಕಲು ಸುಲಭ. ಆದರೆ ಅದರ ಪ್ಯಾನೆಲ್ ಹೆಚ್ಚುಕಡಿಮೆ ಅಂಗಾತ ಮಲಗಿರುತ್ತದೆ, ಧೂಳು ಜಾರುವುದಿಲ್ಲ. ಬಿಸಿಲಿಗೆ ಕಾದ ಪ್ಯಾನೆಲ್ಲಿನ ಕೆಳಗೇ ಬ್ಯಾಟರಿ ಬೇಯುತ್ತದೆ. ದೀಪ ರಸ್ತೆಗೆ ಮುಖ ಮಾಡಿದ ಕಡೆಗೇ ಪ್ಯಾನೆಲ್ಲೂ ತಿರುಗಬೇಕಾಗುತ್ತದೆ. ನನ್ನ ಮಟ್ಟಿಗೆ ಹಳ್ಳಿಗೆ ಪ್ಯಾನೆಲ್ ಬೇರೆ ಇರುವುದೇ ಸರಿ. ಅದನ್ನು ದಕ್ಷಿಣಕ್ಕೆ ಮುಖ ಮಾಡಿ, ನಮ್ಮ ಕಡೆ ಸುಮಾರು 15 ಡಿಗ್ರಿ ಓರೆಯಾಗಿ ಕೂರಿಸಬಹುದು. ಎರೆ ಮಣ್ಣಿನ ಊರುಗಳಲ್ಲಿ ಇನ್ನೊಂದು ತೊಂದರೆ ಇದೆ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಆ ಮಣ್ಣಿನಲ್ಲಿ ಮೇಲೆ ಮೇಲೆ ಕಾಂಕ್ರೀಟ್ ಹಾಕಿ ನಿಲ್ಲಿಸಿದ ಕಂಬ ವಾಲುತ್ತದೆ. ಮೇಲೆ ಪ್ಯಾನೆಲ್ ಗಾಳಿ ಹಿಡಿಯುವುದರಿಂದ ವಾಲುವುದು ಬೇಗ. ಗುಂಡಿ ಗಟ್ಟಿ ನೆಲದವರೆಗೆ ಹೋಗಲಿ, ಸುತ್ತ ಗರಸು ತುಂಬಲಿ. ಕಾಂಕ್ರೀಟ್ ಹಾಕುವ ದಿನ ವಾರ್ಡಿನವರು ಯಾರಾದರೂ ಅಲ್ಲಿ ನಿಂತು ನೋಡಬೇಕು.

ಇನ್ನು ಜವಾಬ್ದಾರಿಯ ಮಾತು. “ಪಂಚಾಯಿತಿ ನೋಡಿಕೊಳ್ಳುತ್ತದೆ” ಎಂದರೆ ಯಾರೂ ನೋಡಿಕೊಳ್ಳುವುದಿಲ್ಲ ಎಂದೇ ಅರ್ಥ. ಆದ್ದರಿಂದ ಹುದ್ದೆ ಹೆಸರಿಟ್ಟು ಹೇಳಿ:

“ದೀಪಗಳ ಒಡೆತನ ಪಂಚಾಯಿತಿಯದು. ಪ್ರತಿ ಕಂಬಕ್ಕೂ ನಂಬರ್ ಬರೆದು ಆಸ್ತಿ ವಹಿಗೆ ಸೇರಿಸುವುದು ಅಭಿವೃದ್ಧಿ ಅಧಿಕಾರಿಗಳ ಕೆಲಸ. ಮೊದಲ ಐದು ವರ್ಷ ಕೆಟ್ಟದ್ದನ್ನು ಸರಿಮಾಡುವುದು ಸರಬರಾಜು ಮಾಡಿದವರ ಕೆಲಸ. ದೂರು ಕೊಟ್ಟ ಏಳು ದಿನದೊಳಗೆ ಬರಬೇಕು ಎಂದು ಕರಾರಿನಲ್ಲಿ ಇರಲಿ. ಅವರು ಬರುವಂತಾಗಬೇಕಾದರೆ ಪೂರ್ತಿ ದುಡ್ಡನ್ನು ಒಮ್ಮೆಗೇ ಕೊಡಬಾರದು. ನೂರಕ್ಕೆ ಹತ್ತು, ಅಂದರೆ 24,000 ರೂಪಾಯಿ ಹಿಡಿದಿಟ್ಟು, ವರ್ಷ ವರ್ಷ ದೀಪಗಳು ಉರಿಯುತ್ತಿವೆ ಎಂದು ನೋಡಿದ ಮೇಲೆ 4,800ರಂತೆ ಬಿಡುಗಡೆ ಮಾಡಲಿ. ಟೆಂಡರ್ ಷರತ್ತಿನಲ್ಲಿ ಇದನ್ನು ಹೇಗೆ ಸೇರಿಸಬೇಕೆಂದು ಅಧಿಕಾರಿಗಳು ಎಂಜಿನಿಯರರ ಹತ್ತಿರ ಕೇಳಿ ಗೊತ್ತುಮಾಡಲಿ.

“ಒರೆಸುವ ಕೆಲಸ ಸ್ಥಳೀಯರಿಗೆ ಕೊಡೋಣ. ನೀರುಗಂಟಿಗೆ ಈಗಲೇ ಕೆಲಸ ಹೆಚ್ಚಿದೆ, ಪುಕ್ಕಟೆ ಹೊರಿಸುವುದು ಬೇಡ. ಅವರೇ ಒಪ್ಪಿದರೆ ಅವರಿಗೆ, ಇಲ್ಲವೆಂದರೆ ಸ್ವಸಹಾಯ ಸಂಘಕ್ಕೆ ಕೊಟ್ಟು, ಒರೆಸಿದ್ದಕ್ಕೆ ದುಡ್ಡು ಕೊಡೋಣ. ದೂರಿನ ಪುಸ್ತಕ ಪಂಚಾಯಿತಿ ಕಚೇರಿಯಲ್ಲಿರಲಿ, ತಿಂಗಳ ಸಾಮಾನ್ಯ ಸಭೆಯಲ್ಲಿ ವಾರ್ಡಿನ ಸದಸ್ಯರು ಅದನ್ನು ಓದಿ ಹೇಳಲಿ. ದೀಪದ ಮುಂದಿನ ಮನೆಯವರ ಪಾಲಿಗೆ ಒಂದೇ ಕೆಲಸ: ಉರಿಯದ ದಿನ ಕಂಬದ ನಂಬರ್ ಹೇಳಿ ಬರೆಸುವುದು.”

ಒರೆಸುವುದು ಕಷ್ಟದ ಕೆಲಸವಲ್ಲ, ಆದರೆ ರೀತಿ ಇದೆ. ಉದ್ದ ಬಿದಿರಿನ ಗಳಕ್ಕೆ ಮೆತ್ತನೆ ಸ್ಪಂಜು ಕಟ್ಟಿ ನೆಲದಲ್ಲೇ ನಿಂತು ಒರೆಸಬಹುದು, ಕಂಬ ಹತ್ತಬೇಕಾಗಿಲ್ಲ. ಬೆಳಗ್ಗೆ ಬಿಸಿಲು ಏರುವ ಮುಂಚೆ ಮಾಡಬೇಕು. ಕಾದ ಗಾಜಿಗೆ ತಣ್ಣೀರು ಬಿದ್ದರೆ ಸೀಳುವ ಭಯವಿದೆ. ಕಾರ್ತಿಕದಿಂದ ಮುಂಗಾರಿನವರೆಗೆ ಹದಿನೈದು ದಿನಕ್ಕೊಮ್ಮೆ ಸಾಕು. ರಾಶಿ ಮಾಡುವ ಕಣ ಹತ್ತಿರವಿದ್ದರೆ ಸುಗ್ಗಿಯಲ್ಲಿ ವಾರಕ್ಕೊಮ್ಮೆ ಬೇಕು. ಒಳ್ಳೆಯ ಮಳೆ ಬಿದ್ದ ವಾರ ಬಿಡಬಹುದು.

ಒರೆಸುವವರಿಗೆ ಮೂರು ಲಕ್ಷಣ ಗೊತ್ತಿದ್ದರೆ ಅರ್ಧ ದೂರುಗಳಿಗೆ ಪೇಟೆಯಿಂದ ಮೆಕ್ಯಾನಿಕ್ ಬರಬೇಕಾಗಿಲ್ಲ. ಸಂಜೆ ಹತ್ತಿ ರಾತ್ರಿ ಒಂಬತ್ತಕ್ಕೇ ಆರಿದರೆ ಹೊಟ್ಟೆ ತುಂಬಿಲ್ಲ ಎಂದು ತಿಳಿಯಬೇಕು. ಪ್ಯಾನೆಲ್ ಒರೆಸಿ, ಬೆಳಗ್ಗೆ ಒಂಬತ್ತಕ್ಕೂ ಮಧ್ಯಾಹ್ನ ಮೂರಕ್ಕೂ ಅದರ ಮೇಲೆ ನೆರಳು ಬೀಳುತ್ತದೆಯೇ ನೋಡಿ. ಬೇವಿನ ಒಂದು ಕೊಂಬೆಯ ನೆರಳು ಪ್ಯಾನೆಲ್ಲಿನ ಒಂದು ಮೂಲೆಗೆ ಬಿದ್ದರೂ ಉತ್ಪಾದನೆ ಅರ್ಧಕ್ಕಿಂತ ಕೆಳಗೆ ಇಳಿಯಬಹುದು, ಏಕೆಂದರೆ ಒಳಗಿನ ಬಿಲ್ಲೆಗಳೆಲ್ಲ ಸಾಲಾಗಿ ಜೋಡಣೆಯಾಗಿರುತ್ತವೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುವುದರಿಂದ ನೆರಳು ಉದ್ದವಾಗುತ್ತದೆ. ಮೇ ತಿಂಗಳಲ್ಲಿ ನೋಡಿ ಕಂಬ ನೆಟ್ಟ ಜಾಗ ಡಿಸೆಂಬರಿನಲ್ಲಿ ನೆರಳಿಗೆ ಸಿಕ್ಕಬಹುದು. ಒರೆಸಿ, ಕೊಂಬೆ ಸವರಿ, ಮೂರು ದಿನ ಒಳ್ಳೆಯ ಬಿಸಿಲು ಬಿದ್ದ ಮೇಲೂ ಒಂಬತ್ತಕ್ಕೇ ಆರುತ್ತಿದ್ದರೆ ಬ್ಯಾಟರಿ ಮುದಿಯಾಗಿದೆ.

ಹಗಲಲ್ಲೇ ದೀಪ ಹತ್ತಿಕೊಂಡಿದ್ದರೆ ಜನ “ಜಾಸ್ತಿ ಚಾರ್ಜ್ ಆಗಿದೆ” ಎಂದುಕೊಂಡು ಸುಮ್ಮನಾಗುತ್ತಾರೆ. ನಿಜದಲ್ಲಿ ಅದು ತುರ್ತು ದೂರು. ಈ ದೀಪಗಳಲ್ಲಿ ಸಂಜೆಯಾಯಿತೆಂದು ತಿಳಿಯಲು ಬೇರೆ ಕಣ್ಣು ಇರುವುದು ಕಡಿಮೆ. ಪ್ಯಾನೆಲ್ಲಿನಿಂದ ಬರುವ ವೋಲ್ಟೇಜು ಬಿದ್ದರೆ ಕಂಟ್ರೋಲರ್ ಅದನ್ನೇ ಕತ್ತಲೆ ಎಂದು ತಿಳಿಯುತ್ತದೆ. ಪ್ಯಾನೆಲ್ಲಿನ ತಂತಿ ಕಡಿದಿದ್ದರೆ, ಕನೆಕ್ಟರ್ ಸಡಿಲವಾಗಿದ್ದರೆ ಅದಕ್ಕೆ ಹಗಲೂ ರಾತ್ರಿಯೇ. ಚಾರ್ಜ್ ಆಗುವುದು ನಿಂತಿರುತ್ತದೆ, ಇದ್ದದ್ದು ಖಾಲಿಯಾಗುತ್ತಿರುತ್ತದೆ. ಹಾಗೆಯೇ ತಿಂಗಳುಗಟ್ಟಲೆ ಬಿಟ್ಟರೆ ಹೊಸ ಬ್ಯಾಟರಿಯೂ ಹಾಳಾಗುತ್ತದೆ. ಐವತ್ತು ರೂಪಾಯಿಯ ತಂತಿ ಕೆಲಸ ಆರು ಸಾವಿರದ ಖರ್ಚಾಗುವುದು ಹೀಗೆ. ಮೂರನೆಯದು ಸುಮ್ಮನೆ ಹತ್ತದೇ ಇರುವುದು. ಅದಕ್ಕೆ ಕಾರಣ ಹಲವು, ಅದನ್ನು ಕರಾರಿನವರಿಗೇ ಬಿಡಿ.

ಭಾಷಣದ ಕೊನೆಯಲ್ಲಿ “ದಯವಿಟ್ಟು ಪರಿಶೀಲಿಸಿ” ಎಂದು ಕೈಮುಗಿದು ಕೂರಬೇಡಿ. ಠರಾವಿನ ಕರಡನ್ನು ನೀವೇ ಬರೆದುಕೊಂಡು ಹೋಗಿ ಓದಿಬಿಡಿ:

“ಸಭೆಯ ಮುಂದೆ ಈ ಠರಾವು ಇಡುತ್ತೇನೆ. ಪಟ್ಟಿಯಲ್ಲಿರುವ 12 ಜಾಗಗಳಲ್ಲಿ ಸೌರ ಬೀದಿದೀಪ ಹಾಕುವ ಕೆಲಸವನ್ನು ಮುಂದಿನ ವರ್ಷದ ಕ್ರಿಯಾಯೋಜನೆಗೆ ಸೇರಿಸುವುದು. ಉಳಿದ 8 ಜಾಗಗಳಲ್ಲಿ ಇರುವ ಕಂಬಗಳಿಗೇ ಎಲ್‌ಇಡಿ ಹಾಕುವುದು. ಬ್ಯಾಟರಿಗೆಂದು ವರ್ಷಕ್ಕೆ 14,400 ರೂಪಾಯಿಯನ್ನು ಬೇರೆ ಬಾಬ್ತಿಗೆ ಬಳಸದಂತೆ ಆಯವ್ಯಯದಲ್ಲಿ ಪ್ರತ್ಯೇಕವಾಗಿ ತೋರಿಸುವುದು. ಐದು ವರ್ಷದ ನಿರ್ವಹಣೆ ಮತ್ತು ಹಳೆಯ ಬ್ಯಾಟರಿ ವಾಪಸ್ ಪಡೆಯುವ ಹೊಣೆಯನ್ನು ಸರಬರಾಜುದಾರರ ಕರಾರಿನಲ್ಲಿ ಸೇರಿಸುವುದು. ಒರೆಸುವವರು ಯಾರು, ಅವರಿಗೆ ಎಷ್ಟು ಎಂಬುದನ್ನು ದೀಪ ಹಚ್ಚುವ ಮುಂಚೆಯೇ ಗೊತ್ತುಮಾಡುವುದು. ಒಪ್ಪಿಗೆ ಇದ್ದವರು ಕೈ ಎತ್ತಬೇಕೆಂದು ಕೇಳಿಕೊಳ್ಳುತ್ತೇನೆ.”

ಹಳೆಯ ಬ್ಯಾಟರಿಯ ಮಾತು ಅಲ್ಲಿ ಸುಮ್ಮನೆ ಬಂದದ್ದಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ತಯಾರಕರ ಮೇಲೆಯೇ ಅದನ್ನು ಹಿಂದಕ್ಕೆ ಪಡೆಯುವ ಹೊಣೆ ಇದೆ. ಗುಜರಿಯವನಿಗೆ ಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ.

ಭಾಷಣದ ಈ ಭಾಗಗಳನ್ನೆಲ್ಲ ನಿಧಾನವಾಗಿ ಓದಿದರೆ ಹತ್ತು ನಿಮಿಷದೊಳಗೆ ಮುಗಿಯುತ್ತದೆ. ಕೈ ಎತ್ತಿದ ಮೇಲೆ ನಡವಳಿ ಪುಸ್ತಕದಲ್ಲಿ ಠರಾವು ಹೇಗೆ ಬರೆದಿದ್ದಾರೆ ಎಂದು ಅಲ್ಲೇ ಓದಿಸಿ ಕೇಳಿ, ನಂತರ ಅದರ ಪ್ರತಿಗೆ ಅರ್ಜಿ ಕೊಡಿ. “ಸೌರದೀಪ ಅಳವಡಿಸಲು ತೀರ್ಮಾನಿಸಲಾಯಿತು” ಎಂಬ ಒಂದೇ ಸಾಲು ಇದ್ದರೆ ಜಾಗಗಳ ಪಟ್ಟಿ, ಬ್ಯಾಟರಿ ಹಣ, ಒರೆಸುವವರ ವಿಚಾರ ಮೂರನ್ನೂ ಸೇರಿಸುವವರೆಗೆ ಸಹಿ ಹಾಕಬೇಡಿ.